ಹಿನ್ನೋಟ

‘ಓಡು’ ಓಟವಾದಂತೆ ‘ನೋಡು’ ನೋಟವಾಯಿತು. ಅದಕ್ಕೆ ಹಿಂದೆ ಎಂಬರ್ಥದ ‘ಹಿನ್’ ಸೇರಿ ಹಿನ್ನೋಟ. ಹಿನ್ನೆಲೆ, ಹಿನ್ನಡೆಗಳ ಹಾಗೆಯೇ. ಷೇರುಪೇಟೆಯಲ್ಲಿ ‘ಹಿನ್ನೋಟದ ಭ್ರಮೆ’ ಎಂದರೆ, ಆಗಿಹೋದದ್ದು ಮೊದಲೇ ಗೊತ್ತಿತ್ತು ಅನ್ನಿಸುವುದು.

2020ರ ಮಾರ್ಚ್ 23ರಂದು ನಿಫ್ಟಿ ಸುಮಾರು ಶೇ 13ರಷ್ಟು ಕುಸಿದು 7,610ಕ್ಕೆ ಮುಗಿಯಿತು. ಚಾರ್ಟ್‌ನ ಬಲಗಡೆಯ ಏರಿಕೆ ಕಾಣುವುದರಿಂದ ‘ಕೊಳ್ಳಬೇಕಾದದ್ದು ಆಗಲೇ’ ಎಂದು ಇಂದು ಸುಲಭವಾಗಿ ಹೇಳುತ್ತೇವೆ. ಬಲಭಾಗವನ್ನು ಕಾಗದದಿಂದ ಮುಚ್ಚಿ ನೋಡಿ: ಉಳಿಯುವುದು ಕುಸಿತ, ಕೊನೆಗೊಂದು ಕೆಂಪು ಕ್ಯಾಂಡಲ್.

ಕಾಗದವನ್ನು ಒಂದೊಂದೇ ಕ್ಯಾಂಡಲ್‌ನಷ್ಟು ಸರಿಸಿ. ಪ್ರತಿ ಸಲ ಸರಿಸುವ ಮುನ್ನ ಕೊಳ್ಳುವಿರೋ ಇಲ್ಲವೋ, ಸ್ಟಾಪ್‌ಲಾಸ್ ಎಲ್ಲಿ ಎಂದು ಬರೆದಿಡಿ. ಆದರೆ ಹೀಗೆ ಕಥೆ ಗೊತ್ತಿರುವ ಚಾರ್ಟ್‌ನಲ್ಲಿ ಈ ಅಭ್ಯಾಸ ಫಲಿಸದು. ಹೆಸರು, ತಾರೀಖು ಮರೆಮಾಡಿದ ಚಾರ್ಟನ್ನೇ ಆರಿಸಿಕೊಳ್ಳಿ.