ಗಸಗಸೆಯ ಮೇಲೆ ನಿಂತ ಬ್ರಹ್ಮಾಂಡ

ಕ್ರಿ.ಪೂ. 3ನೇ ಶತಮಾನದಲ್ಲಿ ಸಿಸಿಲಿ ದ್ವೀಪದ ಸಿರಾಕ್ಯೂಸ್ ನಗರದಲ್ಲಿದ್ದ ಆರ್ಕಿಮಿಡೀಸನು ದೊರೆ ಗೆಲೋನನಿಗೆ ಒಂದು ಪುಟ್ಟ ಗ್ರಂಥವನ್ನು ಬರೆದು ಒಪ್ಪಿಸಿದನು. ಮರಳಿನ ಕಣಗಳು ಎಣಿಕೆಗೆ ನಿಲುಕವೆಂಬ ನಂಬಿಕೆಗೆ ಅದು ಉತ್ತರ. ನಕ್ಷತ್ರಗಳವರೆಗಿನ ಜಗತ್ತನ್ನೆಲ್ಲ ಮರಳಿನಿಂದ ತುಂಬಿದರೂ ಆ ಕಣಗಳ ಲೆಕ್ಕ ಹೇಳಬಹುದೆಂದು ಅವನು ಅದರಲ್ಲಿ ತೋರಿಸಿದನು. ಆಗಿನ ಗ್ರೀಕರಲ್ಲಿ ಹೆಸರಿದ್ದ ದೊಡ್ಡ ಮಾನ ಹತ್ತು ಸಾವಿರ ಮಾತ್ರ. ಆದ್ದರಿಂದ ಅವನು ಹತ್ತು ಕೋಟಿಯನ್ನು ಹೊಸ ಘಟಕವಾಗಿ ಹಿಡಿದು, ಅದರ ಮೇಲೆ ಮೆಟ್ಟಿಲುಗಳನ್ನು ಕಟ್ಟಿದನು.

ಮರಳಿನ ಕಣವನ್ನು ಅಳೆಯುವುದು ಕಷ್ಟ, ಗಸಗಸೆಯನ್ನು ಅಳೆಯಬಹುದು. ನುಣುಪಾದ ಪಟ್ಟಿಯ ಮೇಲೆ ಗಸಗಸೆಕಾಳುಗಳನ್ನು ಸಾಲಾಗಿ ಇಟ್ಟಾಗ 25 ಕಾಳುಗಳೇ ಒಂದು ಬೆರಳಗಲವನ್ನು ಮೀರಿದವು. ಆದರೂ ಅವನು ಕಾಳನ್ನು ಇನ್ನೂ ಚಿಕ್ಕದೆಂದು ಭಾವಿಸಿ, ಬೆರಳಗಲಕ್ಕೆ 40 ಎಂದು ಹಿಡಿದನು. ಗೋಲದ ಗಾತ್ರ ವ್ಯಾಸದ ಘನದಂತೆ ಬೆಳೆಯುತ್ತದೆ. ಹಾಗಾಗಿ ಬೆರಳಗಲ ವ್ಯಾಸದ ಗೋಲವು 40×40×40, ಅಂದರೆ 64,000 ಕಾಳುಗಳಿಗೆ ಸಮ. ಒಂದು ಕಾಳಿನಲ್ಲಿ ಹೆಚ್ಚೆಂದರೆ 10,000 ಮರಳಕಣಗಳೆಂದರೆ ಒಟ್ಟು 64 ಕೋಟಿ. ಅದನ್ನೂ ಮೇಲಕ್ಕೇರಿಸಿ ನೂರು ಕೋಟಿ, 10⁹, ಎಂದನು.

ಇನ್ನು ಜಗತ್ತಿನ ಅಳತೆ. ಸೂರ್ಯನನ್ನು ನಡುವೆ ಇರಿಸಿದ ಅರಿಸ್ಟಾರ್ಕಸನ ವಿಶಾಲ ಕಲ್ಪನೆಯನ್ನು ಅನುಸರಿಸಿ, ನಕ್ಷತ್ರಗೋಲದ ವ್ಯಾಸ 10¹⁴ ಸ್ಟೇಡಿಯಮ್‌ಗಳಿಗಿಂತ ಕಡಿಮೆಯೆಂದು ತೀರ್ಮಾನಿಸಿದನು. ಒಂದು ಸ್ಟೇಡಿಯಮ್ 10⁴ ಬೆರಳಗಲಗಳಿಗಿಂತ ಕಡಿಮೆ. ಆದ್ದರಿಂದ ವ್ಯಾಸ 10¹⁸ ಬೆರಳಗಲಗಳ ಒಳಗೆ. ಅದರ ಘನ 10⁵⁴. ಇದನ್ನು 10⁹ರಿಂದ ಗುಣಿಸಿದರೆ 10⁶³. ಈ ಬರವಣಿಗೆಯ ಕ್ರಮ ನಮ್ಮದು, ಅವನದಲ್ಲ. ಆದರೆ ಇಂಥ ಸಂಖ್ಯೆಗಳನ್ನು ಗುಣಿಸುವಾಗ ಸ್ಥಾನಗಳನ್ನು ಕೂಡಿದರೆ ಸಾಕೆಂಬ ನಿಯಮವನ್ನು ಅವನೇ ಸಾಧಿಸಿಟ್ಟಿದ್ದನು.

ಇಲ್ಲಿ ನಾವು ಗಮನಿಸಬೇಕಾದದ್ದು ಅಂದಾಜಿನ ದಿಕ್ಕನ್ನು. ಅವನು ಪ್ರತಿ ಹೆಜ್ಜೆಯಲ್ಲೂ ಬೇಕೆಂದೇ ಹೆಚ್ಚಿನ ಕಡೆಗೆ ವಾಲಿದನು. ಆದ್ದರಿಂದ 10⁶³ ಎಂಬುದು ಕಣಗಳ ಎಣಿಕೆಯಲ್ಲ. ಅವನ ಗೃಹೀತಗಳು ಸರಿಯಿದ್ದರೆ ಎಣಿಕೆ ದಾಟಲಾರದ ಎಲ್ಲೆ. ನಾವು ಇಂದು ಮಾಡುವ ಅಂದಾಜು ಬೇರೆ ಬಗೆಯದು. ಅದು ನಿಜಕ್ಕೆ ಹತ್ತಿರದ ಘಾತವನ್ನು ಅರಸುತ್ತದೆ. ಅಲ್ಲಿ ತಪ್ಪು ನುಸುಳುವುದು ಉದ್ದದಿಂದ ಗಾತ್ರಕ್ಕೆ ಹೋಗುವಾಗ. ವ್ಯಾಸವನ್ನು ಇಮ್ಮಡಿಯಾಗಿ ತಪ್ಪಿದರೆ ಎಣಿಕೆ ಎಂಟು ಪಟ್ಟು ತಪ್ಪುತ್ತದೆ, ಹೆಚ್ಚುಕಡಿಮೆ ಒಂದು ಸೊನ್ನೆಯಷ್ಟು. ಆರ್ಕಿಮಿಡೀಸನ 25 ಮತ್ತು 40ರ ಅಂತರವೇ ಘನದಲ್ಲಿ ನಾಲ್ಕು ಪಟ್ಟಾಗುತ್ತದೆ.

ನಮ್ಮ ಮನೆಯ 25 ಕಿಲೋ ಅಕ್ಕಿಮೂಟೆಗೆ ಬಂದರೆ, ಕಾಳಿನ ಉದ್ದಗಲಕ್ಕಿಂತ ತೂಕವನ್ನು ನೆಚ್ಚುವುದು ಲೇಸು. 10 ಗ್ರಾಂ ಅಕ್ಕಿಯನ್ನು ಎಣಿಸಿದಾಗ ಸುಮಾರು 500 ಕಾಳು ಬಂದರೆ, ಮೂಟೆಯಲ್ಲಿ ಹನ್ನೆರಡೂವರೆ ಲಕ್ಷ. ಎಣಿಕೆ 400 ಆಗಲಿ, 600 ಆಗಲಿ, ಉತ್ತರ ಹತ್ತು ಲಕ್ಷದ, ಅಂದರೆ 10⁶ರ, ಆಸುಪಾಸಿನಲ್ಲೇ ನಿಲ್ಲುತ್ತದೆ. ತೂಕದ ತಪ್ಪು ಇದ್ದಷ್ಟೇ ಉಳಿಯುತ್ತದೆ, ಘನವಾಗಿ ಬೆಳೆಯುವುದಿಲ್ಲ.