ಭಾನುವಾರದ ಅರ್ಧ ಗಂಟೆ: ಬಿಡುವಿನ ಗೇಮ್ ತಂಡಕ್ಕೆ ಕಾನ್‌ಬಾನ್ ಬೋರ್ಡ್

ಕಾನ್‌ಬಾನ್ ಎಂದರೆ ಜಪಾನಿ ಭಾಷೆಯಲ್ಲಿ ಫಲಕ. ಎರಡನೇ ಮಹಾಯುದ್ಧದ ನಂತರ ಟೊಯೋಟಾ ಕಾರ್ಖಾನೆಯಲ್ಲಿ ತಾಯಿಚಿ ಓನೊ ಈ ಪದ್ಧತಿ ತಂದರು. ಮುಂದಿನ ಹಂತದಿಂದ ಚೀಟಿ ಬಂದರೆ ಮಾತ್ರ ಹಿಂದಿನವರು ಬಿಡಿಭಾಗ ತಯಾರಿಸುತ್ತಿದ್ದರು. ಸ್ಪ್ರಿಂಟ್ ಬಂದಿದ್ದು ಸ್ಕ್ರಮ್ ಪದ್ಧತಿಯಿಂದ. ಕೆಲಸಕ್ಕೆ ಹಾಕಿಕೊಂಡ ನಿಗದಿತ ಅವಧಿ ಅದು. ಉದ್ಯೋಗದ ನಡುವೆ ಸಂಬಳವಿಲ್ಲದೆ ಗೇಮ್ ಕಟ್ಟುವವರಿಗೆ ಎರಡೂ ಬೇಕು.

ಚೀಟಿಯ ಅಳತೆ

ಶಿರಾಡಿ ಘಾಟಿಯ ಮಂಜಿನಲ್ಲಿ ಲಾರಿ ಓಡಿಸುವ ಗೇಮ್ ಮಾಡುವ ನಾಲ್ವರ ತಂಡವೊಂದನ್ನು ಊಹಿಸಿಕೊಳ್ಳಿ. ಸಕಲೇಶಪುರದ ತೋಟದ ರೈಟರು, ಆಲೂರಿನ ಮೇಷ್ಟ್ರು, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಇಬ್ಬರು. ಬೋರ್ಡ್‌ನಲ್ಲಿ ಒಂದು ಕೆಲಸಕ್ಕೆ ಒಂದು ಚೀಟಿ. 'ಮಂಜು ಮಾಡುವುದು' ಎಂಬ ಚೀಟಿ ಎಂದಿಗೂ ಮುಗಿಯದು. 'ಹೆಡ್‌ಲೈಟ್ ಹಾಕಿದರೆ 20 ಮೀಟರ್ ರಸ್ತೆ ಕಾಣಬೇಕು' ಎಂದು ಬರೆದರೆ ಮುಗಿದದ್ದು ಗೊತ್ತಾಗುತ್ತದೆ. ಒಂದು ರಾತ್ರಿಯ ಎರಡು ಗಂಟೆಯಲ್ಲಿ ಮುಗಿಯದ ಚೀಟಿಯನ್ನು ಒಡೆಯಬೇಕು.

ಕಾಲಂಗಳು, ಮಿತಿ

ಬೋರ್ಡ್‌ಗೆ 'ಮುಂದೆ', 'ಈ ವಾರ', 'ನಡೆಯುತ್ತಿದೆ', 'ಪರೀಕ್ಷೆ', 'ಮುಗಿದಿದೆ' ಎಂಬ ಐದು ಕಾಲಂ ಸಾಕು. ಕೆಲಸ ಮಾಡಿದವರಲ್ಲದೆ ಇನ್ನೊಬ್ಬರು ತಮ್ಮ ಫೋನಿನಲ್ಲಿ ಆಡಿ ನೋಡಿದ ಮೇಲೆಯೇ ಚೀಟಿ ಕೊನೆಯ ಕಾಲಂಗೆ ಹೋಗಬೇಕು.

ಕೈಹಚ್ಚಿದ ಚೀಟಿಗಳಿಗೆ ಮಿತಿ ಇರಬೇಕು. ವಾರಕ್ಕೆ ಮೂರು ಚೀಟಿ ಮುಗಿಸುವ ತಂಡ ಹನ್ನೆರಡಕ್ಕೆ ಕೈಹಾಕಿದರೆ, ಒಂದೊಂದಕ್ಕೂ ಸರಾಸರಿ ನಾಲ್ಕು ವಾರ ಹಿಡಿಯುತ್ತದೆ (12 ÷ 3). ಆರೇ ಇಟ್ಟುಕೊಂಡರೆ ಎರಡು ವಾರ. ಹಾಗಾಗಿ ಒಬ್ಬರ ಕೈಯಲ್ಲಿ ಒಂದೇ ಚೀಟಿ, 'ಪರೀಕ್ಷೆ'ಯಲ್ಲಿ ಎರಡು. ಅದು ತುಂಬಿದ್ದರೆ ಹೊಸದನ್ನು ಎತ್ತಿಕೊಳ್ಳುವ ಬದಲು ಗೆಳೆಯರದ್ದನ್ನು ಆಡಿ ನೋಡಬೇಕು.

ವಾರದ ಓಟ

ಸ್ಪ್ರಿಂಟ್ ಒಂದು ವಾರದ್ದು. ಭಾನುವಾರ ಸಂಜೆ ಅರ್ಧ ಗಂಟೆ ಕರೆ. ಮೊದಲು ಗೇಮನ್ನು ಆಡಿ ನೋಡುವುದು, ಆಮೇಲೆ ಚೀಟಿ ಆರಿಸುವುದು. ಎಷ್ಟು ಆರಿಸಬೇಕು? 'ಈ ವಾರ ಆರು ಗಂಟೆ ಕೊಡ್ತೀನಿ' ಎಂಬ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಹಿಂದಿನ ಮೂರು ವಾರ ಐದು, ಮೂರು, ನಾಲ್ಕು ಮುಗಿದಿದ್ದರೆ ಈ ವಾರಕ್ಕೆ ಅವುಗಳಲ್ಲಿ ಕಡಿಮೆಯದಾದ ಮೂರು. ಬೇಗ ಮುಗಿದರೆ 'ಮುಂದೆ' ಕಾಲಂ ಇದ್ದೇ ಇದೆ. ಬುಧವಾರ ಒಬ್ಬೊಬ್ಬರೂ ಒಂದು ಸಾಲು ಬರೆಯುತ್ತಾರೆ: ಯಾವ ಚೀಟಿ, ಏನು ಅಡ್ಡಿ.

ಮಳೆ, ಕಾಫಿ ಕೊಯ್ಲು

ಮಲೆನಾಡಿನ ಮಳೆಗಾಲದಲ್ಲಿ ಕರೆಂಟು, ಸಿಗ್ನಲ್ ಎರಡೂ ಕೈಕೊಡುತ್ತವೆ. ಗಿಟ್‌ನಲ್ಲಿ `git commit` ನೆಟ್ ಇಲ್ಲದೆಯೂ ನಡೆಯುತ್ತದೆ. ಸಿಗ್ನಲ್ ಬಂದಾಗ `git push` ಮಾಡಿದರಾಯಿತು. ಆದರೆ ಒಂದೇ ದೃಶ್ಯದ ಫೈಲನ್ನು ಇಬ್ಬರು ತಿದ್ದಿದರೆ ಜೋಡಿಸುವುದು ಕಷ್ಟ. ಅದಕ್ಕೇ ಫೈಲಿನ ಹೆಸರೂ ಚೀಟಿಯಲ್ಲಿರಬೇಕು.

ಡಿಸೆಂಬರಿನಿಂದ ಕೊಯ್ಲು ಬಿರುಸಾದರೆ ರೈಟರ ಚೀಟಿ ನಿಂತಲ್ಲೇ ನಿಲ್ಲುತ್ತದೆ. ಇದನ್ನು ಹಿಡಿಯಲು ಮುಗಿಯದ ಚೀಟಿಗೆ ಪ್ರತಿ ಭಾನುವಾರ ಒಂದು ಚುಕ್ಕೆ ಇಡಬೇಕು. ಎರಡು ಚುಕ್ಕೆ ಬಿದ್ದರೆ ಅದನ್ನು ಒಡೆಯಬೇಕು, ಇಲ್ಲವೇ 'ಮುಂದೆ' ಕಾಲಂಗೆ ಮರಳಿಸಬೇಕು. ಯಾಕೆಂದು ರೈಟರನ್ನು ಕೇಳಬೇಕಿಲ್ಲ. ಬೇರೆಯವರು ಅದನ್ನು ಎತ್ತಿಕೊಳ್ಳಬಹುದು.