ಜೀನು ಬಿಂದು ಮತ್ತು ಕಲಿಕೆಯ ಮಂದಗತಿ

ಜೀನು ಬಿಂದು ಅಥವಾ ಸ್ಯಾಡಲ್ ಪಾಯಿಂಟ್ ಎಂಬುದು ಹಲವು ಚರಾಕ್ಷರಗಳಿರುವ ಫಲನವೊಂದರ ಮೇಲ್ಮೈಯಲ್ಲಿ ಇಳಿಜಾರು ಸೊನ್ನೆಯಾಗಿರುವ, ಆದರೆ ಗರಿಷ್ಠವೂ ಕನಿಷ್ಠವೂ ಅಲ್ಲದ ಬಿಂದು. ಕುದುರೆಯ ಬೆನ್ನಿಗೆ ಹಾಕುವ ಜೀನು ಮುಂದಕ್ಕೂ ಹಿಂದಕ್ಕೂ ಏರುತ್ತದೆ, ಎರಡು ಪಕ್ಕಗಳಿಗೆ ಇಳಿಯುತ್ತದೆ. ಅದರ ನಡುವಿನ ಸ್ಥಾನ ಇಂತಹುದು. ನರಜಾಲಗಳನ್ನು ತರಬೇತುಗೊಳಿಸುವಾಗ ದೋಷದ ಪ್ರಮಾಣವನ್ನು ಅಳೆಯುವ ನಷ್ಟ ಫಲನವನ್ನು ಕನಿಷ್ಠಗೊಳಿಸಬೇಕಾಗುತ್ತದೆ. ಆಗ ಕಲಿಕೆ ದೀರ್ಘಕಾಲ ನಿಂತಂತೆ ಕಾಣಲು ಇಂತಹ ಬಿಂದುಗಳ ಸಾಮೀಪ್ಯ ಒಂದು ಪ್ರಮುಖ ಕಾರಣ.

## ಗುರುತಿಸುವ ಬಗೆ

ಇಳಿಜಾರು ಸೊನ್ನೆಯಾದ ಕಡೆ ಮೇಲ್ಮೈ ಯಾವ ದಿಕ್ಕಿಗೆ ಹೇಗೆ ಬಾಗಿದೆ ಎಂಬುದನ್ನು ಎರಡನೆಯ ಅವಕಲನಗಳು ತಿಳಿಸುತ್ತವೆ. ಈ ಅವಕಲನಗಳನ್ನು ಚೌಕಾಕಾರವಾಗಿ ಜೋಡಿಸಿದ ಮಾತೃಕೆಗೆ ಹೆಸ್ಸಿಯನ್ ಎಂದು ಹೆಸರು. ಅದರ ಪ್ರತಿಯೊಂದು ಐಗೆನ್ ಮೌಲ್ಯವೂ ಒಂದು ನಿರ್ದಿಷ್ಟ ದಿಕ್ಕಿನ ವಕ್ರತೆಯನ್ನು ಸೂಚಿಸುತ್ತದೆ. ಮೌಲ್ಯ ಧನವಾಗಿದ್ದರೆ ಆ ದಿಕ್ಕಿನಲ್ಲಿ ಮೇಲ್ಮೈ ಬಟ್ಟಲಿನಂತೆ ಮೇಲಕ್ಕೆ ಬಾಗಿರುತ್ತದೆ, ಋಣವಾಗಿದ್ದರೆ ಕೆಳಕ್ಕೆ ಬಾಗಿರುತ್ತದೆ. ಎಲ್ಲ ಮೌಲ್ಯಗಳೂ ಧನವಾದರೆ ಅದು ಸ್ಥಳೀಯ ಕನಿಷ್ಠ. ಕೆಲವು ಧನ, ಕೆಲವು ಋಣವಾದರೆ ಅದು ಜೀನು ಬಿಂದು. ಒಂದೇ ಒಂದು ಋಣ ಮೌಲ್ಯವಿದ್ದರೂ ಇನ್ನೂ ಕೆಳಗಿಳಿಯಲು ದಾರಿಯಿದೆ ಎಂದರ್ಥ.

## ನಿಧಾನವಾಗುವ ಕಾರಣ: ಒಂದು ಉದಾಹರಣೆ

ದಾರಿಯಿದ್ದೂ ಕಲಿಕೆ ಏಕೆ ತಡವಾಗುತ್ತದೆ ಎಂಬುದನ್ನು ಎರಡು ಚರಾಕ್ಷರಗಳ ಫಲನವೊಂದರಿಂದ ತಿಳಿಯಬಹುದು.

f(x, y) = x²/2 − 0.005y² + 0.000025y⁴

ಮೂಲಬಿಂದುವಿನಲ್ಲಿ ಇದರ ಇಳಿಜಾರು ಸೊನ್ನೆ. ಅಲ್ಲಿ ಹೆಸ್ಸಿಯನ್ನಿನ ಐಗೆನ್ ಮೌಲ್ಯಗಳು x ದಿಕ್ಕಿನಲ್ಲಿ 1, y ದಿಕ್ಕಿನಲ್ಲಿ −0.01. ನಿಜವಾದ ಕನಿಷ್ಠಗಳು x = 0, y = ±10 ಇರುವಲ್ಲಿವೆ; ಅಲ್ಲಿ f ನ ಬೆಲೆ −0.25.

ಗ್ರೇಡಿಯಂಟ್ ಡಿಸೆಂಟ್ ವಿಧಾನದಲ್ಲಿ ಪ್ರತಿ ಹೆಜ್ಜೆಯೂ ಇಳಿಜಾರಿನ ದಿಕ್ಕಿನಲ್ಲಿ, ಇಳಿಜಾರಿನ ಪ್ರಮಾಣಕ್ಕೆ ತಕ್ಕಷ್ಟು ದೂರ ಸಾಗುತ್ತದೆ. ಕಲಿಕೆಯ ದರ 0.1 ಎಂದಿಟ್ಟುಕೊಂಡರೆ, ಮೂಲಬಿಂದುವಿನ ಸಮೀಪದಲ್ಲಿ ಪ್ರತಿ ಹೆಜ್ಜೆಗೆ x ಬೆಲೆ 0.9 ಪಟ್ಟಾಗುತ್ತದೆ, y ಬೆಲೆ 1.001 ಪಟ್ಟಾಗುತ್ತದೆ. x = 1, y = 0.001 ಎಂಬಲ್ಲಿ ಆರಂಭಿಸೋಣ. 50 ಹೆಜ್ಜೆಗಳಲ್ಲಿ f ನ ಬೆಲೆ 0.5ರಿಂದ 0.00002ಕ್ಕೂ ಕೆಳಗಿಳಿಯುತ್ತದೆ. ಆದರೆ ಆ ಹೊತ್ತಿಗೆ y ಕೇವಲ ಶೇಕಡಾ 5ರಷ್ಟು ಬೆಳೆದಿರುತ್ತದೆ. ಅದು 0.001ರಿಂದ 1ನ್ನು ತಲುಪಲು ಸುಮಾರು 6,900 ಹೆಜ್ಜೆಗಳು ಬೇಕು. ಇಷ್ಟು ದೀರ್ಘ ಅವಧಿಯಲ್ಲಿ f ಇಳಿಯುವುದು 0.005ರಷ್ಟು ಮಾತ್ರ. ಅನಂತರದ 3,000 ಹೆಜ್ಜೆಗಳಲ್ಲಿ y ಬೆಲೆ 9ರ ಸಮೀಪಕ್ಕೆ ಬರುತ್ತದೆ, f −0.24ಕ್ಕೆ ಇಳಿಯುತ್ತದೆ. ನಷ್ಟದ ನಕ್ಷೆಯಲ್ಲಿ ಇದು ಮೊದಲು ಕಡಿದಾದ ಇಳಿತ, ಬಳಿಕ ಉದ್ದನೆಯ ಸಪಾಟು, ಕೊನೆಗೆ ಮತ್ತೊಂದು ಇಳಿತ ಎಂಬ ರೂಪದಲ್ಲಿ ಕಾಣುತ್ತದೆ.

ಇಲ್ಲಿ ಎರಡು ಕಾರಣಗಳು ಜೊತೆಗೂಡಿವೆ. ಮೊದಲನೆಯದಾಗಿ, ಧನ ವಕ್ರತೆಯ ದಿಕ್ಕುಗಳು ಬಿಂದುವನ್ನು ಜೀನಿನ ಕಡೆಗೇ ಸೆಳೆಯುತ್ತವೆ. ಹೊರದಾರಿಯ ದಿಕ್ಕಿನಲ್ಲಿಯಾದರೋ ಇಳಿಜಾರು ಅತ್ಯಲ್ಪ. ಎರಡನೆಯದಾಗಿ, ಕಲಿಕೆಯ ದರವನ್ನು ಮನಬಂದಂತೆ ಹೆಚ್ಚಿಸಲಾಗದು. ಅದು ಅತಿ ದೊಡ್ಡ ಧನ ಐಗೆನ್ ಮೌಲ್ಯದಿಂದ 2ನ್ನು ಭಾಗಿಸಿದಾಗ ಬರುವ ಬೆಲೆಯನ್ನು ಮೀರಿದರೆ ಆ ದಿಕ್ಕಿನಲ್ಲಿ ಹೆಜ್ಜೆಗಳು ಅತ್ತಿತ್ತ ಹಾರಿ ದೂರ ಸರಿಯುತ್ತವೆ. x ದಿಕ್ಕಿನ ಮೌಲ್ಯ 1ರ ಬದಲು 100 ಆಗಿದ್ದರೆ ದರ 0.02ಕ್ಕಿಂತ ಕಡಿಮೆಯಿರಲೇಬೇಕು. ದರ 0.01 ಆದಾಗ y ಅದೇ ದೂರವನ್ನು ಕ್ರಮಿಸಲು ಸುಮಾರು 69,000 ಹೆಜ್ಜೆಗಳು ಬೇಕಾಗುತ್ತವೆ. ಹೀಗೆ ಅತಿ ಕಡಿದಾದ ದಿಕ್ಕು ವೇಗದ ಮಿತಿಯನ್ನು ಗೊತ್ತುಪಡಿಸುತ್ತದೆ. ಅತಿ ಮಂದವಾದ ಋಣ ದಿಕ್ಕು ಆ ಮಿತಿಯೊಳಗೆ ಕಾಯಬೇಕಾಗುತ್ತದೆ.

## ಆಯಾಮಗಳು ಹೆಚ್ಚಿದಾಗ

ಎರಡು ಆಯಾಮಗಳ ಚಿತ್ರ ನೋಡಿದವರಿಗೆ ಸ್ಥಳೀಯ ಕನಿಷ್ಠಗಳೇ ಮುಖ್ಯ ಅಡ್ಡಿ ಎನಿಸುವುದು ಸಹಜ. ಲಕ್ಷಾಂತರ ಆಯಾಮಗಳಲ್ಲಿ ಸ್ಥಿತಿ ಬೇರೆ. ಪ್ರತಿ ಐಗೆನ್ ಮೌಲ್ಯದ ಚಿಹ್ನೆಯೂ ನಾಣ್ಯ ಚಿಮ್ಮಿದಂತೆ ಸ್ವತಂತ್ರವಾಗಿ ನಿರ್ಧಾರವಾಗುವುದೆಂದು ಭಾವಿಸಿದರೆ, n ಮೌಲ್ಯಗಳೂ ಧನವಾಗುವ ಸಂಭವನೀಯತೆ 1/2ⁿ. ಆಯಾಮ 20 ಆದರೇ ಇದು ಹತ್ತು ಲಕ್ಷಕ್ಕೆ ಒಂದಕ್ಕಿಂತ ಕಡಿಮೆ. ಇದು ಒರಟು ಅಂದಾಜು ಮಾತ್ರ, ಏಕೆಂದರೆ ವಾಸ್ತವದಲ್ಲಿ ಐಗೆನ್ ಮೌಲ್ಯಗಳು ಪರಸ್ಪರ ಸ್ವತಂತ್ರವಲ್ಲ.

ಅಲನ್ ಬ್ರೇ ಮತ್ತು ಡೇವಿಡ್ ಡೀನ್ 2007ರಲ್ಲಿ ಯಾದೃಚ್ಛಿಕ ಗಾಸಿಯನ್ ಮೇಲ್ಮೈಗಳ ಕುರಿತು ಇನ್ನೂ ಖಚಿತವಾದ ಫಲಿತಾಂಶ ನೀಡಿದರು. ಅದರಂತೆ ಇಳಿಜಾರು ಸೊನ್ನೆಯಾದ ಬಿಂದುವಿನ ಎತ್ತರಕ್ಕೂ ಅಲ್ಲಿನ ಋಣ ಐಗೆನ್ ಮೌಲ್ಯಗಳ ಪಾಲಿಗೂ ಸಂಬಂಧವಿದೆ. ಎತ್ತರದಲ್ಲಿ ಜೀನು ಬಿಂದುಗಳೇ ತುಂಬಿದ್ದು, ಕೆಳಗಿಳಿದಂತೆ ಋಣ ಮೌಲ್ಯಗಳು ಕಡಿಮೆಯಾಗುತ್ತವೆ; ಕನಿಷ್ಠಗಳು ತಳಭಾಗದಲ್ಲಿಯೇ ಸಿಗುತ್ತವೆ. 2014ರಲ್ಲಿ ಯಾನ್ ಡೋಫಿನ್ ಮತ್ತು ಯೋಶುವಾ ಬೆಂಜಿಯೊ ಮೊದಲಾದವರು ಸಣ್ಣ ನರಜಾಲಗಳ ಮೇಲೆ ಪ್ರಯೋಗ ನಡೆಸಿ ಇದೇ ಬಗೆಯ ಸಂಬಂಧವನ್ನು ಕಂಡರು.

ನರಜಾಲದ ರಚನೆಯೂ ಜೀನು ಬಿಂದುಗಳನ್ನು ಹುಟ್ಟಿಸುತ್ತದೆ. ಎರಡು ತೂಕಗಳ ಅತಿ ಸರಳ ಜಾಲಕ್ಕೆ ನಷ್ಟವು (ab − 1)²/2 ಆಗಿದ್ದರೆ, a = b = 0 ಎಂಬಲ್ಲಿ ಐಗೆನ್ ಮೌಲ್ಯಗಳು 1 ಮತ್ತು −1. ಎಲ್ಲ ತೂಕಗಳನ್ನೂ ಸೊನ್ನೆಯಿಂದ ಆರಂಭಿಸಿದರೆ ಈ ಜಾಲ ಏನನ್ನೂ ಕಲಿಯದಿರಲು ಇದೇ ಕಾರಣ.

## ಪತ್ತೆ ಮತ್ತು ಪರಿಹಾರ

ನಷ್ಟ ಇಳಿಯದಿರುವುದನ್ನು ಕಂಡು ಕಲಿಕೆ ಮುಗಿಯಿತೆಂದು ತಿಳಿಯುವುದು ಸಾಮಾನ್ಯವಾದ ತಪ್ಪು. ಮೇಲಿನ ಉದಾಹರಣೆಯಲ್ಲಿ ಇಳಿಜಾರು 0.0001ಕ್ಕಿಂತ ಕಡಿಮೆಯಾದಾಗ ನಿಲ್ಲಿಸಬೇಕೆಂಬ ನಿಯಮವಿದ್ದರೆ, ಲೆಕ್ಕಾಚಾರ ಸುಮಾರು 88ನೆಯ ಹೆಜ್ಜೆಯಲ್ಲಿ ಜೀನಿನ ಬಳಿಯೇ ಕೊನೆಗೊಳ್ಳುತ್ತದೆ. ಆದ್ದರಿಂದ ಇಳಿಜಾರಿನ ಜೊತೆಗೆ ಹೆಸ್ಸಿಯನ್ನಿನ ಅತಿ ಚಿಕ್ಕ ಐಗೆನ್ ಮೌಲ್ಯವನ್ನೂ ನೋಡಬೇಕು. ಹತ್ತು ಲಕ್ಷ ತೂಕಗಳಿರುವ ಜಾಲದ ಹೆಸ್ಸಿಯನ್ನಿನಲ್ಲಿ ಒಂದು ಲಕ್ಷ ಕೋಟಿ ಅಂಶಗಳಿರುವುದರಿಂದ ಅದನ್ನು ಪೂರ್ತಿ ಬರೆಯುವುದು ಕಷ್ಟ. ಆದರೆ ಹೆಸ್ಸಿಯನ್ ಮತ್ತು ಒಂದು ಸದಿಶದ ಗುಣಲಬ್ಧವನ್ನು ಮಾತೃಕೆಯನ್ನು ಬರೆಯದೆಯೇ ಪಡೆಯಬಹುದು. ಅಂತಹ ಗುಣಲಬ್ಧಗಳನ್ನು ಬಳಸುವ ಲ್ಯಾಂಜೋಸ್ ವಿಧಾನದಿಂದ ತುದಿಯ ಮೌಲ್ಯಗಳನ್ನು ಅಂದಾಜಿಸಲಾಗುತ್ತದೆ.

ನ್ಯೂಟನ್ ವಿಧಾನವು ಇಳಿಜಾರನ್ನು ಐಗೆನ್ ಮೌಲ್ಯದಿಂದ ಭಾಗಿಸಿ ಹೆಜ್ಜೆಯಿಡುತ್ತದೆ. ಋಣ ಮೌಲ್ಯದಿಂದ ಭಾಗಿಸಿದಾಗ ದಿಕ್ಕು ತಿರುಗುಮುರುಗಾಗುವುದರಿಂದ ಅದು ಜೀನು ಬಿಂದುವಿಗೇ ಹೋಗಿ ಸೇರುತ್ತದೆ. ಡೋಫಿನ್ ಮತ್ತು ಸಂಗಡಿಗರು ಇದಕ್ಕೆ ಬದಲಾಗಿ ಐಗೆನ್ ಮೌಲ್ಯದ ನಿರಪೇಕ್ಷ ಬೆಲೆಯಿಂದ ಭಾಗಿಸುವ ವಿಧಾನವನ್ನು ಸೂಚಿಸಿದರು. ಆಗ ನಮ್ಮ ಉದಾಹರಣೆಯಲ್ಲಿ ಜೀನಿನ ಸಮೀಪ y ಪ್ರತಿ ಹೆಜ್ಜೆಗೂ ಇಮ್ಮಡಿಯಾಗುತ್ತದೆ. 6,900 ಹೆಜ್ಜೆಗಳ ಕೆಲಸ ಸುಮಾರು 10 ಹೆಜ್ಜೆಗಳಲ್ಲಿ ಮುಗಿಯುತ್ತದೆ. ದೊಡ್ಡ ಜಾಲಗಳಲ್ಲಿ ಇದರ ಗಣನೆ ದುಬಾರಿ.

ಯಾದೃಚ್ಛಿಕ ಅಲುಗಾಟವು ಇದಕ್ಕಿಂತ ಸುಲಭವಾದ ಉಪಾಯ. ದತ್ತಾಂಶದ ಸಣ್ಣ ಕಂತುಗಳಿಂದ ಇಳಿಜಾರನ್ನು ಅಂದಾಜಿಸುವ ವಿಧಾನದಲ್ಲಿ ಅದು ತಾನಾಗಿಯೇ ಇರುತ್ತದೆ. y ನಿಖರವಾಗಿ ಸೊನ್ನೆಯಾಗಿದ್ದರೆ ಅಲುಗಾಟವಿಲ್ಲದ ಗ್ರೇಡಿಯಂಟ್ ಡಿಸೆಂಟ್ ಎಂದಿಗೂ ಹೊರಬರದು. ಅಲ್ಪ ಕದಲಿಕೆಯಾದರೂ ಸಿಕ್ಕರೆ ಬೆಳವಣಿಗೆ ಆರಂಭವಾಗುತ್ತದೆ. ಜೇಸನ್ ಲೀ ಮತ್ತಿತರರು 2016ರಲ್ಲಿ ತೋರಿಸಿದಂತೆ, ಯಾದೃಚ್ಛಿಕ ಆರಂಭದಿಂದ ಹೊರಟ ಗ್ರೇಡಿಯಂಟ್ ಡಿಸೆಂಟ್, ಋಣ ಮೌಲ್ಯವಿರುವ ಜೀನು ಬಿಂದುವಿನಲ್ಲಿ ಶಾಶ್ವತವಾಗಿ ನೆಲೆಸುವ ಸಂಭವನೀಯತೆ ಸೊನ್ನೆ. ಆದರೆ ಎಷ್ಟು ಹೊತ್ತಿನಲ್ಲಿ ಹೊರಬರುತ್ತದೆ ಎಂಬ ಭರವಸೆ ಅದರಲ್ಲಿಲ್ಲ. ಸೈಮನ್ ಡು ಮತ್ತಿತರರು 2017ರಲ್ಲಿ, ಸಾಲುಸಾಲಾಗಿ ಜೀನು ಬಿಂದುಗಳಿರುವ ಮೇಲ್ಮೈಯನ್ನು ರಚಿಸಿ, ಅಲುಗಾಟವಿಲ್ಲದ ವಿಧಾನಕ್ಕೆ ಅಲ್ಲಿ ಘಾತೀಯ ಪ್ರಮಾಣದ ಕಾಲ ಬೇಕಾಗುವುದೆಂದು ತೋರಿಸಿದರು.

## ಮಿತಿಗಳು

ಎಲ್ಲ ಸಪಾಟು ಹಂತಗಳಿಗೂ ಜೀನು ಬಿಂದುಗಳೇ ಕಾರಣವಲ್ಲ. ತರಬೇತಿ ಪಡೆದ ದೊಡ್ಡ ಜಾಲಗಳ ಹೆಸ್ಸಿಯನ್ನಿನಲ್ಲಿ ಬಹುಪಾಲು ಐಗೆನ್ ಮೌಲ್ಯಗಳು ಸೊನ್ನೆಯ ಸಮೀಪದಲ್ಲಿರುತ್ತವೆ. ಅಲ್ಲಿ ಮೇಲ್ಮೈ ಬಾಗದೆ ಸಮತಟ್ಟಾಗಿರುವುದೇ ನಿಧಾನಕ್ಕೆ ಕಾರಣವಾಗಬಹುದು. ಋಣ ಮೌಲ್ಯವೊಂದು ಕಂಡುಬಂದರೂ ಅದು ಎಷ್ಟು ದೊಡ್ಡದೆಂಬುದು ಮುಖ್ಯ. −0.01 ಮೌಲ್ಯದ ದಿಕ್ಕಿನಿಂದ ಹೊರಬರಲು, ಅದೇ ದರದಲ್ಲಿ, −1 ಮೌಲ್ಯದ ದಿಕ್ಕಿಗಿಂತ ಸುಮಾರು ನೂರು ಪಟ್ಟು ಹೆಚ್ಚು ಹೆಜ್ಜೆಗಳು ಬೇಕಾಗುತ್ತವೆ.